ನೋಡಿ ಹೋದವರ ಬೆನ್ನು ಹತ್ತಿದ ಇಳಕಲ್ ಸೀರೆ: ಒಂದು ಜಾಹೀರಾತು ಖರ್ಚಿನ ಲೆಕ್ಕ

ಈ ಲೆಕ್ಕವೆಲ್ಲ ಶುರುವಾಗಿದ್ದು ಒಂದು ಫೋನ್ ಕರೆಯಿಂದ. ಇಳಕಲ್‌ನಲ್ಲಿ ಕೈಮಗ್ಗದ ಸೀರೆ ಮಾಡಿಸಿ ವೆಬ್‌ಸೈಟ್ ಮೂಲಕ ಮಾರುವ ಅಕ್ಕಾರೊಬ್ಬರ ಜಾಹೀರಾತು ಖಾತೆ ನೋಡಿಕೊಳ್ಳುವ ಕೆಲಸ ಆಗಷ್ಟೇ ನನ್ನ ಕೈಗೆ ಬಂದಿತ್ತು. ಪಾಸ್‌ವರ್ಡ್ ಕೊಡೋದಕ್ಕೂ ಮೊದಲು ಅವರು ಹೇಳಿದ್ದು ಇದು:

"ನಮ್ಮ ವೈನಿ ಪುಣೆದಾಗ ಇರ್ತಾರ್ರಿ. ಹೋದ ತಿಂಗಳು ನಮ್ಮ ಕಡೇನ ಒಂದ್ ಸೀರಿ ತಗೊಂಡಾರ. ಈಗ ಅದ ಸೀರಿ ದಿನಾ ಅವರ ಮೊಬೈಲ್‌ನಾಗ ಬರಾಕತ್ತೈತಂತ. ಇನ್ನೊಂದ್ ತಗೋ ಅಂತ ಬೆನ್ನ ಹತ್ತೀಯೇನ ಅಂತ ನಗಾಕತ್ತಿದ್ರು. ನಂಗ ನಾಚಿಕಿ ಆತ್ರಿ ಸರ."

ವೈನಿಗೆ ಕಾಣುತ್ತಿದ್ದದ್ದು ರೀಟಾರ್ಗೆಟಿಂಗ್ ಜಾಹೀರಾತು. ಸೈಟಿಗೆ ಬಂದು ಒಂದು ಸೀರೆ ನೋಡಿ, ಕೊಳ್ಳದೆ ಹೋದವರಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಅದೇ ಸೀರೆಯನ್ನು ಮತ್ತೆ ತೋರಿಸುವುದು. ಅಂಗಡಿಗೆ ಬಂದು ಸೀರೆ ಬಿಚ್ಚಿಸಿ, "ಆಮೇಲೆ ಬರ್ತೀವಿ" ಅಂತ ಎದ್ದವರನ್ನು ಬಾಗಿಲವರೆಗೆ ಹೋಗಿ ಕರೆಯುವ ಹಾಗೆ. ಒಮ್ಮೆ ಕರೆದರೆ ಮರ್ಯಾದೆ. ಬಸ್‌ಸ್ಟ್ಯಾಂಡ್ ತನಕ ಹಿಂದೆ ಹೋದರೆ ಅದು ಬೇರೆಯೇ. ಈ ಖಾತೆಯಲ್ಲಿ ಬಸ್ಸು ಹತ್ತಿ ಪಕ್ಕದ ಸೀಟಿನಲ್ಲೇ ಕೂತ ಹಾಗಿತ್ತು.

ಮೊದಲಿದ್ದ ಏಜೆನ್ಸಿ ರೀಟಾರ್ಗೆಟಿಂಗ್‌ಗೆ ದಿನಕ್ಕೆ 1,800 ರೂಪಾಯಿ ಇಟ್ಟಿತ್ತು. ಕಳೆದ 180 ದಿನಗಳಲ್ಲಿ ಸೈಟಿಗೆ ಬಂದ ಎಲ್ಲರೂ ಆ ಬಲೆಯಲ್ಲಿದ್ದರು. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಡೆಯ ಕಂಪನಿ ಮೆಟಾದಲ್ಲಿ ವೆಬ್‌ಸೈಟ್ ಸಂದರ್ಶಕರ ಪಟ್ಟಿಯನ್ನು ಇಟ್ಟುಕೊಳ್ಳಬಹುದಾದ ಗರಿಷ್ಠ ಅವಧಿ ಅದೇ, ಹಾಗಾಗಿ ಯೋಚನೆ ಮಾಡದೆ ಗರಿಷ್ಠಕ್ಕೆ ಎಳೆದು ಬಿಟ್ಟಿದ್ದರು. ತಿಂಗಳ ಖರ್ಚು 54,000. ತಿಂಗಳ ವರದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದದ್ದು: ರೀಟಾರ್ಗೆಟಿಂಗ್‌ನಿಂದ 116 ಆರ್ಡರ್, 2,78,400 ರೂಪಾಯಿ ಮಾರಾಟ, ಒಂದು ರೂಪಾಯಿಗೆ ಐದು ರೂಪಾಯಿ ವಾಪಸ್. ಹೊಸಬರನ್ನು ಕರೆತರುವ ಜಾಹೀರಾತುಗಳಿಗೆ, ಮೆಟಾ ಮತ್ತು ಗೂಗಲ್ ಎರಡೂ ಸೇರಿ, ಹೋಗುತ್ತಿದ್ದದ್ದು 40,000. ಅವುಗಳ ಅಂಕಿ ಇಷ್ಟು ಚೆನ್ನಾಗಿರಲಿಲ್ಲ. ಆದ್ದರಿಂದ ಅಲ್ಲಿಂದ ಇನ್ನಷ್ಟು ದುಡ್ಡು ತೆಗೆದು ರೀಟಾರ್ಗೆಟಿಂಗ್‌ಗೆ ಹಾಕಿ ಅನ್ನುವುದು ಏಜೆನ್ಸಿಯ ಕೊನೆಯ ಸಲಹೆಯಾಗಿತ್ತು.

ಅಕ್ಕಾರ ಪ್ರಶ್ನೆ ಸರಳವಾಗಿತ್ತು. "ಒಂದಕ್ಕ ಐದು ಬರಾಕತ್ತಿದ್ರ ನನ್ನ ಕೈಯಾಗ ರೊಕ್ಕ ಯಾಕ ಉಳಿವಲ್ದು?"

ಒಂದು ಆರ್ಡರ್‌ನಲ್ಲಿ ಉಳಿಯುವುದೆಷ್ಟು

ಜಾಹೀರಾತಿನ ಮಿತಿ ಹಾಕುವ ಮೊದಲು ಈ ಅಂಕಿ ಬೇಕು. ಮಾರಾಟದ ಬೆಲೆ ಇಟ್ಟುಕೊಂಡು ಲೆಕ್ಕ ಹಾಕಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಇಲ್ಲಿ ಸರಾಸರಿ ಆರ್ಡರ್ 2,400 ರೂಪಾಯಿ. ಸೀರೆ ಮಾಡಿಸಿದ ಖರ್ಚು, ಡಬ್ಬಿ, ಕೊರಿಯರ್, ಹಣ ಪಾವತಿಯ ಕಮಿಷನ್ ಎಲ್ಲ ಕಳೆದರೆ ಗ್ರಾಹಕರ ಕೈ ಸೇರಿದ ಪ್ರತಿ ಸೀರೆಗೆ 700 ಉಳಿಯುತ್ತಿತ್ತು. ಆದರೆ ಆರ್ಡರ್ ಆದದ್ದೆಲ್ಲ ಕೈ ಸೇರುವುದಿಲ್ಲ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಆರ್ಡರ್‌ಗಳು ಕ್ಯಾಶ್ ಆನ್ ಡೆಲಿವರಿ. ಅವುಗಳಲ್ಲಿ ಐದಕ್ಕೊಂದು ಬಾಗಿಲಿನಿಂದಲೇ ವಾಪಸ್. ಒಟ್ಟು ಆರ್ಡರ್‌ಗಳಲ್ಲಿ ನೂರಕ್ಕೆ ಹನ್ನೊಂದು ಹಿಂದಿರುಗುತ್ತಿದ್ದವು, ಪ್ರತಿ ವಾಪಸಾತಿಗೆ ಹೋಗಿ ಬರುವ ಕೊರಿಯರ್ 180 ರೂಪಾಯಿ ದಂಡ. ಅದನ್ನೆಲ್ಲ ಸೇರಿಸಿದರೆ ಸೈಟಿನಲ್ಲಿ ಬಿದ್ದ ಒಂದು ಆರ್ಡರ್‌ನ ನಿಜವಾದ ಬೆಲೆ ಸುಮಾರು 600 ರೂಪಾಯಿ.

ತಿಂಗಳಿಗೆ ಸೈಟಿನ ಮೂಲಕ 192 ಆರ್ಡರ್. ಅಂದರೆ ಉಳಿಕೆ 1,15,200. ಜಾಹೀರಾತಿಗೆ 94,000. ಕೈಗೆ 21 ಸಾವಿರ, ಅದರಲ್ಲೇ ಪ್ಯಾಕಿಂಗ್ ಮಾಡುವ ಹುಡುಗಿಯರ ಸಂಬಳ. ಅಕ್ಕಾರ ಕೈಯಲ್ಲಿ ಯಾಕೆ ಉಳಿಯುತ್ತಿಲ್ಲ ಅನ್ನುವುದಕ್ಕೆ ಇಷ್ಟೇ ಉತ್ತರ ಸಾಕಿತ್ತು. ಇನ್ನು ಜಾಹೀರಾತಿನ ಖರ್ಚಿನ ಮೇಲೆ 18 ಪ್ರತಿಶತ ಜಿಎಸ್‌ಟಿ ಬೇರೆ. ಅದು ಇವರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ಬರುವುದರಿಂದ ಇಲ್ಲಿ ಹಿಡಿದಿಲ್ಲ. ಜಾಹೀರಾತು ಖಾತೆಯಲ್ಲಿ ಜಿಎಸ್‌ಟಿ ನಂಬರ್ ಹಾಕದೇ ಇರುವವರಿಗೆ ಅದೂ ಖರ್ಚೇ.

ಹಾಗಾದರೆ ವರದಿಯ 116 ಆರ್ಡರ್ ಸುಳ್ಳೇ? ಸುಳ್ಳಲ್ಲ, ಎಣಿಸುವ ರೀತಿ ಬೇರೆ. ಮೆಟಾದ ಮಾಮೂಲಿ ಲೆಕ್ಕದಲ್ಲಿ ಜಾಹೀರಾತನ್ನು ಒತ್ತಿದವರು ಏಳು ದಿನದೊಳಗೆ ಕೊಂಡರೂ ಅದು ಜಾಹೀರಾತಿನ ಗೆಲುವು, ಒತ್ತದೆ ಬರೀ ಕಣ್ಣಿಗೆ ಬಿದ್ದು ಒಂದು ದಿನದೊಳಗೆ ಕೊಂಡರೂ ಜಾಹೀರಾತಿನ ಗೆಲುವು. ಈ ಎರಡನ್ನೂ ಬೇರೆಬೇರೆ ಕಾಲಂಗಳಲ್ಲಿ ತೆರೆದು ನೋಡಿದೆ. 116ರಲ್ಲಿ ಒತ್ತಿ ಬಂದವರು 45, ಬರೀ ಕಣ್ಣಿಗೆ ಬಿದ್ದವರು 71. ನಿನ್ನೆ ಸೀರೆ ನೋಡಿ, ರಾತ್ರಿ ಮನೆಯವರನ್ನು ಕೇಳಿ, ಇವತ್ತು ಕೊಳ್ಳೋಣ ಅಂದುಕೊಂಡ ಹೆಣ್ಣುಮಗಳು ನಡುವೆ ಇನ್‌ಸ್ಟಾಗ್ರಾಂ ತೆರೆದರೆ ಆ ಆರ್ಡರ್ ಜಾಹೀರಾತಿನ ಪಾಲಿಗೆ ಹೋಗುತ್ತದೆ. ರೀಟಾರ್ಗೆಟಿಂಗ್‌ನ ಹಣೆಬರಹವೇ ಇದು. ಕೊಳ್ಳುವ ಮನಸ್ಸಿದ್ದವರನ್ನೇ ಆರಿಸಿ ತೋರಿಸುವ ಜಾಹೀರಾತಿಗೆ, ಅವರು ಕೊಂಡಾಗ ಹೆಸರು ತಾನಾಗಿಯೇ ಬರುತ್ತದೆ.

ಇನ್ನೊಂದು ಸುಳಿವೂ ಇತ್ತು. ರೀಟಾರ್ಗೆಟಿಂಗ್ ಹೇಳಿಕೊಂಡ 116, ಮೆಟಾದ ಇನ್ನೊಂದು ಜಾಹೀರಾತು ಹೇಳಿಕೊಂಡ 58, ಗೂಗಲ್ ಹೇಳಿಕೊಂಡ 51. ಕೂಡಿದರೆ 225. ಅಂಗಡಿಯ ಪುಸ್ತಕದಲ್ಲಿ ಇದ್ದದ್ದು 192. ಮಾರಿದ ಸೀರೆಗಿಂತ ಮಾರಿಸಿದೆ ಅನ್ನುವವರೇ ಹೆಚ್ಚು. ಮದುವೆ ಕೂಡಿದ ಮೇಲೆ ನಾನೇ ಸಂಬಂಧ ಹೇಳಿದ್ದು ಅನ್ನುವವರು ಊರಲ್ಲಿ ಹತ್ತು ಜನ ಸಿಗುತ್ತಾರಲ್ಲ, ಹಾಗೆ.

ಬಲೆಯ ತೂತುಗಳು

ಖರ್ಚಿನ ಪ್ರಶ್ನೆಗೆ ಹೋಗುವ ಮೊದಲು ವೈನಿಯ ಪ್ರಶ್ನೆ. ಕೊಂಡವರಿಗೆ ಯಾಕೆ ಕಾಣುತ್ತಿದೆ? ಸೀರೆಯ ಪುಟ ತೆರೆದಾಗ ಪಿಕ್ಸೆಲ್ ಅನ್ನುವ ಸಣ್ಣ ಕೋಡ್ `ViewContent` ಅನ್ನುವ ಸುದ್ದಿ ಕಳಿಸುತ್ತದೆ, ಆರ್ಡರ್ ಆದಾಗ `Purchase`. ಮೊದಲನೆಯದು ಬಂದು ಎರಡನೆಯದು ಬಾರದಿದ್ದರೆ "ನೋಡಿ ಕೊಳ್ಳದವರು". ವೈನಿ ಸೈಟಿನಲ್ಲಿ ಸೀರೆ ನೋಡಿ, ವಾಟ್ಸ್ಆ್ಯಪ್‌ನಲ್ಲಿ ಮಾತಾಡಿ, ಫೋನ್‌ಪೇಯಲ್ಲಿ ದುಡ್ಡು ಹಾಕಿದ್ದರು. ಪಿಕ್ಸೆಲ್‌ಗೆ ಅವರು ಇಂದಿಗೂ ಕೊಳ್ಳದವರೇ. ತಿಂಗಳಿಗೆ ಮೂವತ್ತರ ಆಸುಪಾಸು ಆರ್ಡರ್ ಹೀಗೆ ವಾಟ್ಸ್ಆ್ಯಪ್‌ನಲ್ಲಿ ಆಗುತ್ತಿದ್ದವು. ಆ ನಂಬರ್‌ಗಳನ್ನು ವಾರಕ್ಕೊಮ್ಮೆ ಗ್ರಾಹಕರ ಪಟ್ಟಿಯಾಗಿ ಏರಿಸಿ, ಆ ಪಟ್ಟಿಯನ್ನು ಜಾಹೀರಾತಿನಿಂದ ಹೊರಗಿಟ್ಟೆವು. ಅದಕ್ಕೆ ಮೊದಲು ಆರ್ಡರ್ ತೆಗೆದುಕೊಳ್ಳುವಾಗಿನ ಸಂದೇಶದಲ್ಲಿ ಒಂದು ಸಾಲು ಸೇರಿಸಿ ಒಪ್ಪಿಗೆ ಕೇಳಿದೆವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಗ್ರಾಹಕರ ಫೋನ್ ನಂಬರನ್ನು ಕೇಳದೆ ಇನ್ನೊಬ್ಬರಿಗೆ ಕೊಡುವುದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಒಪ್ಪದವರೂ ಇದ್ದರು, ಅವರನ್ನು ಬಿಟ್ಟೆವು.

ಎರಡನೆಯ ತೂತು ಕೈಮಗ್ಗಕ್ಕೇ ಸೇರಿದ್ದು. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಒಂದು ಹಾಸಿನಲ್ಲಿ ಇಳಿಯುವುದು ಕೆಲವೇ ಸೀರೆ. ಆ ಬಣ್ಣ, ಆ ದಡಿ, ಆ ಟೋಪ್ ತೆನಿ ಸೆರಗು ಮತ್ತೆ ಬೇಕೆಂದರೆ ಹೊಸದಾಗಿ ಹಾಸು ಹೂಡಬೇಕು. ಅಂದರೆ ಸೈಟಿನ ಬಹಳಷ್ಟು ಸೀರೆಗಳು ಒಂದೋ ಎರಡೋ ಇರುವಂಥವು. ಜಾಹೀರಾತಿನ ಕ್ಯಾಟಲಾಗ್ ದಿನಕ್ಕೊಮ್ಮೆ, ರಾತ್ರಿ ಮಾತ್ರ ಹೊಸದಾಗುತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ಮಾರಿಹೋದ ಸೀರೆಯನ್ನು ಮಧ್ಯರಾತ್ರಿವರೆಗೆ ಜನರಿಗೆ ತೋರಿಸುತ್ತಲೇ ಇತ್ತು. ಒತ್ತಿ ಬಂದವರಿಗೆ "ಸ್ಟಾಕ್ ಇಲ್ಲ". ಕ್ಯಾಟಲಾಗ್ ಫೀಡ್ ಅನ್ನು ಗಂಟೆಗೊಮ್ಮೆ ಎಳೆಯುವಂತೆ ಬದಲಿಸಿ, ಒಂದೇ ಉಳಿದಾಗ `availability` ಕಾಲಂ `out of stock` ಆಗುವಂತೆ ಮಾಡಿದೆವು. ಕೊನೆಯ ಸೀರೆ ಸೈಟಿನಲ್ಲಿ ಮಾರಲಿ, ಜಾಹೀರಾತಿನಲ್ಲಿ ಬೇಡ ಎಂದು.

ಮೂರನೆಯದು ಹುಡುಕಲು ಒಂದು ಸಂಜೆ ಹಿಡಿಯಿತು. ಜನ ನೋಡಿದ ಸೀರೆ ಒಂದು, ಅವರಿಗೆ ಕಾಣುತ್ತಿದ್ದದ್ದು ಇನ್ನೊಂದು. ಸೈಟು ಕಳಿಸುತ್ತಿದ್ದ `content_ids` ಮತ್ತು ಕ್ಯಾಟಲಾಗ್‌ನ ಐಡಿ ಹೊಂದುತ್ತಿರಲಿಲ್ಲ. ಸೈಟು ತನ್ನ ಒಳಗಿನ ಉದ್ದದ ನಂಬರ್ ಕಳಿಸುತ್ತಿತ್ತು, ಕ್ಯಾಟಲಾಗ್‌ನಲ್ಲಿದ್ದದ್ದು ಸೀರೆಯ ಕೋಡ್. ಹೊಂದದಿದ್ದಾಗ ವ್ಯವಸ್ಥೆ ತನಗೆ ತೋಚಿದ್ದನ್ನು ತೋರಿಸುತ್ತದೆ, ಎಲ್ಲೂ ಕೆಂಪು ಅಕ್ಷರದಲ್ಲಿ ತಪ್ಪು ಎನ್ನುವುದಿಲ್ಲ. ಕ್ಯಾಟಲಾಗ್‌ನ ಈವೆಂಟ್ಸ್ ಪುಟದಲ್ಲಿ ಎಷ್ಟು ಹೊಂದಿಕೆಯಾಗುತ್ತಿವೆ ಅನ್ನುವ ಅಂಕಿ ಇರುತ್ತದೆ. ಈ ಕೆಲಸ ಮಾಡುವವರು ಮೊದಲು ನೋಡಬೇಕಾದ ಜಾಗ ಅದು.

ಅರ್ಧ ಜನಕ್ಕೆ ತೋರಿಸಿ, ಅರ್ಧ ಜನಕ್ಕೆ ಬಿಟ್ಟು

ಈಗ ದೊಡ್ಡ ಪ್ರಶ್ನೆ. ಜಾಹೀರಾತು ಇಲ್ಲದಿದ್ದರೂ ಎಷ್ಟು ಜನ ಕೊಳ್ಳುತ್ತಿದ್ದರು? ಇದನ್ನು ಡ್ಯಾಶ್‌ಬೋರ್ಡ್ ನೋಡಿ ತಿಳಿಯುವ ದಾರಿಯಿಲ್ಲ. ಜಾಹೀರಾತನ್ನು ಒಂದು ತಿಂಗಳು ನಿಲ್ಲಿಸಿ ನೋಡೋಣ ಎಂದರೆ, ಸೀರೆ ವ್ಯಾಪಾರದಲ್ಲಿ ಒಂದು ತಿಂಗಳು ಇನ್ನೊಂದರ ಹಾಗಿರುವುದಿಲ್ಲ. ಶ್ರಾವಣಕ್ಕೂ ಆಷಾಢಕ್ಕೂ ಹೋಲಿಸಿ ಏನು ಹೇಳುತ್ತೀರಿ? ಒಂದೇ ಹೊತ್ತಿನಲ್ಲಿ ಒಂದೇ ಬಗೆಯ ಎರಡು ಗುಂಪು ಬೇಕು.

ಮಾಡಿದ್ದು ಹೀಗೆ. ಸೀರೆಯ ಪುಟಕ್ಕೆ ಮೊದಲ ಸಲ ಬಂದವರಿಗೆ ಸರ್ವರ್ ಒಂದು ನಾಣ್ಯ ಚಿಮ್ಮಿ, A ಅಥವಾ B ಎಂದು ಅವರ ಬ್ರೌಸರ್‌ನಲ್ಲಿ ಉಳಿಯುವ ಕುಕೀ ಎಂಬ ಸಣ್ಣ ಚೀಟಿಯಲ್ಲಿ ಬರೆದಿಡುತ್ತದೆ. ಪುಟದ ಕೋಡ್ ಆ ಅಕ್ಷರವನ್ನು ಓದಿ ಮೆಟಾಗೆ ಹೇಳುತ್ತದೆ:

```
fbq('track', 'ViewContent', {
  content_ids: ['ILK-0417'],
  content_type: 'product',
  value: 2400,
  currency: 'INR'
});
fbq('trackCustom', bucket === 'A' ? 'BucketAds' : 'BucketNone');
```

ರೀಟಾರ್ಗೆಟಿಂಗ್ ಜಾಹೀರಾತು `BucketAds` ಪಟ್ಟಿಗೆ ಮಾತ್ರ, `BucketNone` ಪಟ್ಟಿ ಹೊರಗೆ. ಹೊಸಬರಿಗಾಗಿ ಇರುವ ಜಾಹೀರಾತಿನಿಂದ ಎರಡನ್ನೂ ಹೊರಗಿಟ್ಟೆವು. ಇದನ್ನು ಮರೆತರೆ ಪ್ರಯೋಗ ಕೆಟ್ಟಿತೆಂದೇ ಲೆಕ್ಕ, ಏಕೆಂದರೆ "ಹೊಸಬರಿಗೆ" ಎಂಬ ಜಾಹೀರಾತು ಕೂಡ ಬಿಟ್ಟರೆ ಸೈಟಿಗೆ ಬಂದವರನ್ನೇ ಹುಡುಕಿಕೊಂಡು ಹೋಗುತ್ತದೆ. ಪಟ್ಟಿಯನ್ನು ತಾನಾಗಿ ಹಿಗ್ಗಿಸುವ ಆಯ್ಕೆಯನ್ನೂ ಆಫ್ ಮಾಡಿದೆವು. ಕುಕೀಯನ್ನು ಸರ್ವರ್‌ನಿಂದಲೇ ಬರೆಸಿದ್ದಕ್ಕೆ ಕಾರಣವಿದೆ: ಪುಟದ ಜಾವಾಸ್ಕ್ರಿಪ್ಟ್ ಬರೆದ ಕುಕೀಯನ್ನು ಐಫೋನಿನ ಸಫಾರಿ ಏಳು ದಿನಕ್ಕೆ ಅಳಿಸುತ್ತದೆ. ಎಂಟನೇ ದಿನ ಬಂದವರಿಗೆ ಮತ್ತೆ ನಾಣ್ಯ ಚಿಮ್ಮಿದರೆ ಗುಂಪುಗಳು ಕಲಸಿಹೋಗುತ್ತವೆ. ವಾಟ್ಸ್ಆ್ಯಪ್ ಬಟನ್ ಒತ್ತಿದರೆ ತಾನಾಗಿ ತುಂಬುವ ಸಂದೇಶದಲ್ಲೂ ಸೀರೆಯ ಕೋಡಿನ ಕೊನೆಗೆ ಆ ಅಕ್ಷರ ಬರುವಂತೆ ಮಾಡಿದೆವು, `ILK-0417-A` ಎಂಬಂತೆ. ಹಾಗಾಗಿ ಆ ಆರ್ಡರ್‌ಗಳೂ ಯಾವ ಗುಂಪಿನವು ಎಂದು ತಿಳಿಯುತ್ತಿತ್ತು.

ಗೆಲುವನ್ನು ಎಣಿಸಿದ್ದು ಮಾತ್ರ ಅಂಗಡಿಯ ಆರ್ಡರ್ ಪುಸ್ತಕದಿಂದ. ಜಾಹೀರಾತು ಕಂಡಿತೋ, ಒತ್ತಿದರೋ ಏನೂ ನೋಡಲಿಲ್ಲ. A ಗುಂಪಿನಲ್ಲಿ ಎಷ್ಟು ಜನ, ಎಷ್ಟು ಆರ್ಡರ್. B ಗುಂಪಿನಲ್ಲಿ ಎಷ್ಟು ಜನ, ಎಷ್ಟು ಆರ್ಡರ್. ಅಷ್ಟೇ.

ಮೊದಲ ಆರು ವಾರ ಬಜೆಟ್ಟಿನ ಹಳೆಯ ಪದ್ಧತಿಯನ್ನೇ ಉಳಿಸಿದೆವು. ಜನ ಅರ್ಧವಾದ್ದರಿಂದ ದಿನದ ಬಜೆಟ್ಟೂ ಅರ್ಧ, 900 ರೂಪಾಯಿ. ಒಟ್ಟು ಖರ್ಚು 37,800. ಪ್ರಯೋಗ ಶುರುವಾಗುವ ಮೊದಲು ಬಂದು ಹೋದ ಹಳಬರು ಯಾವ ಗುಂಪಿಗೂ ಸೇರಲಿಲ್ಲ. ತೂತುಗಳನ್ನು ಮುಚ್ಚಿದ್ದೂ, ಇರುವವರೆಲ್ಲ ಹೊಸಬರಾಗಿದ್ದೂ ಜಾಹೀರಾತಿಗೆ ಅನುಕೂಲವಾಗಿಯೇ ಇತ್ತು.

ಫಲ: A ಗುಂಪಿನ 8,430 ಜನರಿಂದ 141 ಆರ್ಡರ್. ಏನೂ ತೋರಿಸದ B ಗುಂಪಿನ 8,370 ಜನರಿಂದ 123. ಜನಸಂಖ್ಯೆ ಸರಿದೂಗಿಸಿದರೆ ವ್ಯತ್ಯಾಸ 17. ವಾಟ್ಸ್ಆ್ಯಪ್ ಆರ್ಡರ್‌ಗಳು ಬೇರೆ: A 22, B 24.

ಅದೇ ಆರು ವಾರಕ್ಕೆ ಡ್ಯಾಶ್‌ಬೋರ್ಡ್ ಹೇಳಿಕೊಂಡಿದ್ದು 79.

ಇಲ್ಲಿ ಸ್ವಲ್ಪ ನಿಲ್ಲಬೇಕು. 17 ಅನ್ನುವುದನ್ನು ಕಲ್ಲಿನಲ್ಲಿ ಕೆತ್ತಿದ ಅಂಕಿ ಅಂತ ಹಿಡಿಯಬಾರದು. 264 ಆರ್ಡರ್‌ಗಳನ್ನು ಬರೀ ನಾಣ್ಯ ಚಿಮ್ಮಿ ಎರಡು ಗುಂಪಿಗೆ ಹಂಚಿದರೂ ಅದೃಷ್ಟದಿಂದಲೇ ಹದಿನೈದಿಪ್ಪತ್ತು ಆಚೀಚೆ ಆಗುವುದು ಮಾಮೂಲು. ಒರಟು ಅಳತೆ ಸುಲಭ: ಒಟ್ಟು ಆರ್ಡರ್‌ನ ವರ್ಗಮೂಲ ತೆಗೆಯಿರಿ, 16. ಅದರ ಎರಡರಷ್ಟು, 32. ನಿಜವಾದ ವ್ಯತ್ಯಾಸ 17ರಿಂದ 32 ಕೆಳಗೂ ಇರಬಹುದು, 32 ಮೇಲೂ ಇರಬಹುದು. ಅಂದರೆ ಏನೂ ಇಲ್ಲದಿರುವುದರಿಂದ ಹಿಡಿದು 49ರವರೆಗೆ. ಇಷ್ಟು ಸಣ್ಣ ಅಂಗಡಿಯಲ್ಲಿ ಇದಕ್ಕಿಂತ ನಿಖರವಾಗಿ ಅಳೆಯಲು ವರ್ಷಗಳೇ ಬೇಕು.

ಆದರೆ ನಮಗೆ ನಿಖರತೆ ಬೇಕಿರಲಿಲ್ಲ. ಆ ಖರ್ಚು ಗಿಟ್ಟಬೇಕಿದ್ದರೆ 37,800 ಭಾಗಿಸು 600, ಅಂದರೆ 63 ಹೆಚ್ಚುವರಿ ಆರ್ಡರ್ ಬರಬೇಕಿತ್ತು. ಅದೃಷ್ಟವನ್ನೆಲ್ಲ ಜಾಹೀರಾತಿನ ಕಡೆಗೇ ಹಾಕಿದರೂ ಸಿಗುವುದು 49. ಜಾಹೀರಾತು ಎಷ್ಟು ಕೆಲಸ ಮಾಡುತ್ತದೆ ಎಂದು ನಮಗೆ ಗೊತ್ತಾಗಲಿಲ್ಲ, ಆದರೆ ಆ ದರದಲ್ಲಿ ನಷ್ಟ ಅನ್ನುವುದು ಗೊತ್ತಾಯಿತು. 79 ಅನ್ನುವ ಹೇಳಿಕೆಯೂ ಅಲ್ಲಿಗೆ ಬಿತ್ತು.

ಒಂದು ಆಕ್ಷೇಪ ನ್ಯಾಯವಾದದ್ದು. ಒಬ್ಬರೇ ಇನ್‌ಸ್ಟಾಗ್ರಾಂ ಒಳಗಿನ ಬ್ರೌಸರ್‌ನಲ್ಲಿ ಒಮ್ಮೆ, ಕ್ರೋಮ್‌ನಲ್ಲಿ ಇನ್ನೊಮ್ಮೆ ಬಂದರೆ ಅವರಿಗೆ ಎರಡು ಕುಕೀ, ಎರಡು ಗುಂಪು. ಇದರಿಂದ ವ್ಯತ್ಯಾಸ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಲಾಗಿನ್ ಆದವರ ಮತ್ತು ಫೋನ್ ನಂಬರ್ ಸಿಕ್ಕವರ ಆರ್ಡರ್‌ಗಳನ್ನು ಮೊದಲ ಅಕ್ಷರಕ್ಕೇ ಸೇರಿಸಿ ಒಂದಷ್ಟು ಸರಿಪಡಿಸಿದೆವು. ಪೂರ್ತಿ ಹೋಗಲಿಲ್ಲ. ಆದರೆ 49 ಮತ್ತು 63ರ ನಡುವಿನ ಅಂತರವನ್ನು ಅದೊಂದೇ ತುಂಬೀತು ಎಂದು ನನಗೆ ಅನ್ನಿಸಲಿಲ್ಲ.

ಮಿತಿ ಎಲ್ಲಿಂದ ಬರಬೇಕು

ಬಜೆಟ್ಟನ್ನು ಅಷ್ಟಿಷ್ಟು ಅಂತ ಅಂದಾಜಿನ ಮೇಲೆ ಇಡುವುದು ಹೊಸಬರನ್ನು ಹುಡುಕುವ ಜಾಹೀರಾತಿನಲ್ಲಿ ನಡೆದೀತು, ಅಲ್ಲಿ ಜನ ಸಮುದ್ರದಷ್ಟಿದ್ದಾರೆ. ರೀಟಾರ್ಗೆಟಿಂಗ್ ಹಾಗಲ್ಲ, ಅದು ಬಾವಿ. ದಿನಕ್ಕೆ ಇಂತಿಷ್ಟೇ ಒರತೆ. ಒರತೆಗಿಂತ ಹೆಚ್ಚು ದುಡ್ಡು ಸುರಿದರೆ ಹೊಸ ಜನ ಸಿಗುವುದಿಲ್ಲ, ಅದೇ ಜನಕ್ಕೆ ಅದೇ ಸೀರೆ ಮತ್ತೆ ಮತ್ತೆ ಕಾಣುತ್ತದೆ.

ಆದ್ದರಿಂದ ಲೆಕ್ಕ ಒರತೆಯಿಂದ ಶುರುವಾಗಬೇಕು. ದಿನಕ್ಕೆ ಸುಮಾರು 400 ಹೊಸ ಜನ ಸೀರೆಯ ಪುಟ ನೋಡುತ್ತಿದ್ದರು. ಎಲ್ಲರೂ ಮೆಟಾದ ಕೈಗೆ ಸಿಗುವುದಿಲ್ಲ. ಐಫೋನ್‌ನಲ್ಲಿ ಟ್ರ್ಯಾಕಿಂಗ್ ಬೇಡ ಎಂದವರು, ಜಾಹೀರಾತು ತಡೆಯುವವರು, ಫೇಸ್‌ಬುಕ್ ಖಾತೆಯೇ ಇಲ್ಲದವರು ತಪ್ಪಿಹೋಗುತ್ತಾರೆ. ಮೆಟಾ ತೋರಿಸುವ ಪಟ್ಟಿಯ ಗಾತ್ರವನ್ನು ನಮ್ಮ ಸರ್ವರ್‌ನ ಎಣಿಕೆಯ ಪಕ್ಕ ಇಟ್ಟು ನೋಡಿದಾಗ ನೂರಕ್ಕೆ ಅರವತ್ತು ಸಿಗುತ್ತಿದ್ದರು, ಅಂದರೆ ದಿನಕ್ಕೆ 240. ಒಬ್ಬರಿಗೆ ಒಟ್ಟು ಎಷ್ಟು ಸಲ ಕಾಣಬೇಕು? ಐದು ಎಂದು ನಾವೇ ಗೆರೆ ಹಾಕಿಕೊಂಡೆವು. ಇದಕ್ಕೆ ಶಾಸ್ತ್ರವಿಲ್ಲ. ಅಕ್ಕಾರನ್ನು ಕೇಳಿದ್ದೆ, "ಅಂಗಡ್ಯಾಗ ಹ್ವಾದ ಗಿರಾಕಿನ್ನ ನೀವು ಎಷ್ಟ ಸಲ ಕರೀತೀರಿ?" ಎಂದು. "ಎರಡ ಸಲ. ಮೂರನೇದಕ್ಕ ನಾಚಿಕಿ ಆಕ್ಕೈತಿ" ಅಂದರು. ಮೊಬೈಲ್‌ನಲ್ಲಿ ಅರ್ಧ ಸಲ ಜನ ನೋಡದೆಯೇ ಮೇಲೆ ಸರಿಸುತ್ತಾರೆ, ಅದಕ್ಕೆ ಐದು.

ದಿನಕ್ಕೆ 240 ಜನ, ತಲಾ ಐದು, ಅಂದರೆ 1,200 ಸಲ ತೋರಿಸಬೇಕು. ಇಂಥ ಸಣ್ಣ ಪಟ್ಟಿಗೆ ಸಾವಿರ ಸಲ ತೋರಿಸಲು 150 ರೂಪಾಯಿ ಬೀಳಬಹುದೆಂದು ಹಿಡಿದೆವು. ದಿನದ ಬಜೆಟ್ 180 ರೂಪಾಯಿ.

ಹಳೆಯ 1,800ಕ್ಕೂ ಇದೇ ಲೆಕ್ಕ ತಿರುಗಿಸಿ ಹಾಕಿದೆ. ಆಗ ಸಾವಿರಕ್ಕೆ 110 ಬೀಳುತ್ತಿತ್ತು. ದಿನಕ್ಕೆ 16 ಸಾವಿರಕ್ಕಿಂತ ಹೆಚ್ಚು ಸಲ, ಒರತೆ ಅದೇ 240 ಜನ. ಆ 180 ದಿನಗಳಲ್ಲಿ ಒಬ್ಬೊಬ್ಬರಿಗೆ ಸರಾಸರಿ 68 ಸಲ. ಡ್ಯಾಶ್‌ಬೋರ್ಡ್‌ನ ಫ್ರೀಕ್ವೆನ್ಸಿ ಕಾಲಂ ತಿಂಗಳಿಗೆ 22 ಎಂದು ತೋರಿಸುತ್ತಿತ್ತು, ವಾರಕ್ಕೆ ನೋಡಿದರೆ ಇನ್ನೂ ಚಿಕ್ಕದು. ಆ ಕಾಲಂ ನೀವು ಆರಿಸಿದ ದಿನಗಳ ಒಳಗಿನದನ್ನಷ್ಟೇ ಎಣಿಸುತ್ತದೆ. ನಿನ್ನೆ ಪಟ್ಟಿಗೆ ಬಂದವರನ್ನೂ ತಿಂಗಳಿಂದ ಅನುಭವಿಸುತ್ತಿರುವವರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಸರಾಸರಿ ತೆಗೆಯುತ್ತದೆ. ಹಾಗಾಗಿ ಅದು ಸಣ್ಣದಿದೆ ಎಂದು ನೆಮ್ಮದಿಯಾಗಿರುವಂತಿಲ್ಲ. ದಿನಕ್ಕೆ ತೋರಿಸಿದ್ದನ್ನು ದಿನಕ್ಕೆ ಸೇರುವ ಹೊಸ ಜನರಿಂದ ಭಾಗಿಸುವುದೇ ಸರಿಯಾದ ಅಳತೆ. ನಾವು ಬಳಸುತ್ತಿದ್ದ, ಮಾರಾಟವನ್ನು ಗುರಿಯಾಗಿಟ್ಟ ಕ್ಯಾಂಪೇನ್‌ನಲ್ಲಿ "ಒಬ್ಬರಿಗೆ ಇಷ್ಟೇ ಸಲ" ಎಂದು ಬೇಲಿ ಹಾಕುವ ಅನುಕೂಲ ಇರಲಿಲ್ಲ. ಬಜೆಟ್ಟೇ ಬೇಲಿ.

ಅವಧಿಯನ್ನು 180ರಿಂದ 7 ದಿನಕ್ಕೆ ಇಳಿಸಿದೆವು. ಆರ್ಡರ್ ಪುಸ್ತಕ ನೋಡಿದರೆ, ಕೊಂಡವರಲ್ಲಿ ಹೆಚ್ಚಿನವರು ಮೊದಲು ನೋಡಿದ ವಾರದಲ್ಲೇ ಕೊಂಡಿದ್ದರು. ಸೈಟಿನಲ್ಲಿ ಕೊಂಡವರನ್ನು 60 ದಿನ ಹೊರಗಿಟ್ಟೆವು. ಕಾರ್ಟ್‌ಗೆ ಹಾಕಿ ಬಿಟ್ಟವರಿಗೆ ಬೇರೆ ಜಾಹೀರಾತು ಮಾಡಿ ಎನ್ನುವುದು ಎಲ್ಲ ಕಡೆ ಸಿಗುವ ಸಲಹೆ. ಇಲ್ಲಿ ಹಾಗೆ ಮಾಡಲಿಲ್ಲ. ದಿನಕ್ಕೆ ಇಪ್ಪತ್ತು-ಮೂವತ್ತು ಜನರ ಗುಂಪಿಗೆ ಪ್ರತ್ಯೇಕ ಬಜೆಟ್ ಇಟ್ಟರೆ ಯಂತ್ರಕ್ಕೂ ಕಲಿಯಲು ಏನೂ ಸಿಗದು, ನಮಗೂ ಅಳೆಯಲು ಏನೂ ಸಿಗದು. ಅವರಿಗೆ ಒಂದು ವಾಟ್ಸ್ಆ್ಯಪ್ ಸಂದೇಶ ಸಾಕು.

ಬಜೆಟ್ಟಿನ ಮೇಲೆ ಇನ್ನೊಂದು ಬೀಗವೂ ಬೇಕು. ದಿನಕ್ಕೆ 180 ಎಂದು ಬರೆದರೂ ಮೆಟಾ ಕೆಲವು ದಿನ ಅದಕ್ಕಿಂತ ಹೆಚ್ಚು ಖರ್ಚು ಮಾಡುತ್ತದೆ, ವಾರದಲ್ಲಿ ಏಳು ದಿನದ ಮೊತ್ತ ಮೀರದಂತೆ ಸರಿದೂಗಿಸುತ್ತದೆ. ಅದು ನಿಯಮದೊಳಗೇ ಇದೆ, ಹೆದರಬೇಕಾಗಿಲ್ಲ. ಹೆದರಬೇಕಾದದ್ದು ನಮ್ಮ ಬೆರಳಿಗೆ. 180ರ ಮುಂದೆ ಒಂದು ಸೊನ್ನೆ ಹೆಚ್ಚು ಬಿದ್ದರೆ? ಆದ್ದರಿಂದ ಇಡೀ ಖಾತೆಗೆ ಒಂದು ಖರ್ಚಿನ ಮಿತಿ ಹಾಕಿದೆವು. ಅದು ಮುಟ್ಟಿದರೆ ಎಲ್ಲ ಜಾಹೀರಾತೂ ನಿಲ್ಲುತ್ತದೆ, ತಿಂಗಳ ಮೊದಲ ದಿನ ಅಕ್ಕಾರೇ ಕೈಯಾರೆ ಅದನ್ನು ಮರುಹೊಂದಿಸುತ್ತಾರೆ.

ಮತ್ತೆ ಆರು ವಾರ, ಮತ್ತೆ ಅರ್ಧ ಅರ್ಧ. ಈ ಸಲ ದಿನಕ್ಕೆ 90, ಒಟ್ಟು 3,780 ರೂಪಾಯಿ. A ಗುಂಪಿನ 8,510 ಜನರಿಂದ 134 ಆರ್ಡರ್, B ಗುಂಪಿನ 8,490 ಜನರಿಂದ 123. ವ್ಯತ್ಯಾಸ 11. ಅದೇ ಒರಟು ಅಳತೆಯಲ್ಲಿ ಇದೂ ಅದೃಷ್ಟದ ಆಟದೊಳಗೇ ಇದೆ, ಸೊನ್ನೆಯೂ ಆಗಿರಬಹುದು. ಹೊಸ ಪದ್ಧತಿ ಗೆದ್ದಿತು ಎಂದು ನಾನು ಎಲ್ಲೂ ಬರೆದುಕೊಡಲಿಲ್ಲ. ಬದಲಾದದ್ದು ಸೋಲಿನ ಗಾತ್ರ. ಪೂರ್ತಿ ಜನಕ್ಕೆ ತೋರಿಸಿದರೆ ತಿಂಗಳಿಗೆ 5,400. ಗಿಟ್ಟಲು ಒಂಬತ್ತು ಹೆಚ್ಚುವರಿ ಆರ್ಡರ್ ಸಾಕು. ಒಂದೂ ಬರದಿದ್ದರೂ ಹೋಗುವುದು 5,400, ಮೊದಲಿನಂತೆ 54,000 ಅಲ್ಲ.

ನಾನು ಅಕ್ಕಾರಿಗೆ ಇಷ್ಟನ್ನೂ ಹೇಳಿ, ಪೂರ್ತಿ ನಿಲ್ಲಿಸಿದರೂ ತಪ್ಪಿಲ್ಲ ಎಂದೆ. ಅವರು ಇಟ್ಟುಕೊಂಡರು. "ನೋಡಿ ಹ್ವಾದೋರನ್ನ ಒಂದೆರಡ ಸಲ ಕರಿಯೋದು ಅಂಗಡಿ ಪದ್ಧತಿ ಐತ್ರಿ ಸರ. ಅದಕ್ಕ ಲೆಕ್ಕ ಬ್ಯಾಡ. ಆದ್ರ ಮಿತಿ ಬೇಕು." ಉಳಿದ ದುಡ್ಡಿನಲ್ಲಿ ಒಂದು ಪಾಲು ಸೀರೆಗಳ ಫೋಟೊ ಹೊಸದಾಗಿ ತೆಗೆಸಲು ಹೋಯಿತು, ಉಟ್ಟುಕೊಂಡು, ಹಗಲಿನ ಬೆಳಕಿನಲ್ಲಿ. ವಾಪಸ್ ಬಂದ ಸೀರೆಗಳ ಜೊತೆ "ಬಣ್ಣ ಬೇರೆ ಇದೆ" ಎಂಬ ಮಾತು ಪದೇ ಪದೇ ಬರುತ್ತಿತ್ತು. ಇನ್ನೊಂದು ಪಾಲು ಅವರ ಕೈಯಲ್ಲೇ ಉಳಿಯಿತು.

ಈಗ ಪ್ರತಿ ಸೋಮವಾರ ಅವರು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯುತ್ತಾರೆ: ಕಳೆದ ವಾರ ದಿನಕ್ಕೆ ಎಷ್ಟು ಹೊಸಬರು, ಸಾವಿರಕ್ಕೆ ಎಷ್ಟು ಬಿದ್ದಿದೆ, ಈ ವಾರದ ಬಜೆಟ್ ಎಷ್ಟು. ದಸರೆಯ ಮೊದಲ ವಾರ ಫೋನ್ ಮಾಡಿದ್ದರು. ದಿನಕ್ಕೆ 640 ಜನ ಬರುತ್ತಿದ್ದರು, ಹಬ್ಬದ ಪೈಪೋಟಿಯಲ್ಲಿ ಸಾವಿರಕ್ಕೆ 210 ಆಗಿತ್ತು. 640ರಲ್ಲಿ ಕೈಗೆ ಸಿಗುವವರು 384, ತಲಾ ಐದರಂತೆ 1,920 ಸಲ, ಖರ್ಚು 403 ರೂಪಾಯಿ. ಲೆಕ್ಕ ಅವರೇ ಮಾಡಿ ಮುಗಿಸಿದ್ದರು. ನಾನು 400 ಇಡಬಹುದು ಎಂದೆ.

"ನಾಕನೂರ ಯಾಕ್ರಿ?" ಅಂದರು. "ಮಗ್ಗದ ಮ್ಯಾಲ ಇರೋವು ಹನ್ನೆರಡ ಸೀರಿ. ಗೋದಾಮಿನ್ಯಾಗ ನಲವತ್ತು. ಕರದು ಏನ್ ಕೊಡ್ಲಿ? ನೂರೈವತ್ತ ಇಡ್ರಿ."

ಸೀರೆಯ ದಾಸ್ತಾನನ್ನು ನನ್ನ ಸೂತ್ರದಲ್ಲಿ ಸೇರಿಸಿರಲಿಲ್ಲ. 150 ಇಟ್ಟೆ.